ಖಾಲಿ ಪುಟ ಖಾಲಿಯೇ?

ಮಲ್ಕಾಜ್‌ಗಿರಿಯ ಮನೆಯಲ್ಲಿ ಕೂತು ಹಳೆಯ ಕನ್ನಡ ಪುಸ್ತಕಗಳನ್ನು ಎರಡೆರಡು ಪುಟ ಒಟ್ಟಿಗೆ ಸ್ಕ್ಯಾನ್ ಮಾಡುತ್ತೇನೆ. ಜೋಡಿ ಪುಟ ಬಿಡಿಸುವುದನ್ನು ಕಂಪ್ಯೂಟರಿಗೆ ಬಿಡಬಹುದು. ಖಾಲಿ ಪುಟ ಅಳಿಸುವುದನ್ನು ಬಿಡಬಾರದು ಎನ್ನುವುದು ನನ್ನ ವಾದ.

ಬಿಡಿಸಲು ಒಂದು ಸಾಲು ಸಾಕು:

```
mutool poster -x 2 in.pdf out.pdf
```

ಇದು ಎಲ್ಲವನ್ನೂ ನಟ್ಟನಡುವೆ ಕತ್ತರಿಸುತ್ತದೆ. ಒಂಟಿಯಾಗಿ ಸ್ಕ್ಯಾನ್ ಆದ ರಕ್ಷಾಪುಟವೂ ಎರಡು ತುಂಡು! ಪುಸ್ತಕದ ಮಡಿಕೆ ಪಕ್ಕಕ್ಕೆ ಸರಿದಿದ್ದರೆ ಸಾಲಿನ ಕೊನೆಯ ಅಕ್ಷರ ಆಚೆಯ ಪುಟಕ್ಕೆ ಹೋಗುತ್ತದೆ. ಆಗ ಸ್ಕ್ಯಾನ್ ಟೇಲರ್‌ನಲ್ಲಿ ಗೆರೆಯನ್ನು ಕೈಯಿಂದ ಸರಿಸಬೇಕು. ಇರಲಿ, ಈ ತಪ್ಪುಗಳು ಕಣ್ಣಿಗೆ ಬೀಳುತ್ತವೆ.

ಅಳಿಸಿದ ಪುಟ ಕಣ್ಣಿಗೆ ಬೀಳುವುದಿಲ್ಲ. ಖಾಲಿ ಯಾವುದೆಂದು ತಿಳಿಯಲು ಪುಟದ ಎಷ್ಟು ಭಾಗಕ್ಕೆ ಶಾಯಿ ತಗುಲಿದೆ ಎಂದು ಅಳೆಯುತ್ತಾರೆ:

```
gs -o - -sDEVICE=inkcov out.pdf
```

ಕಪ್ಪು-ಬಿಳುಪು ಸ್ಕ್ಯಾನ್‌ನಲ್ಲಿ ಪ್ರತಿ ಪುಟದ ನಾಲ್ಕನೆಯ ಅಂಕಿ ನೋಡಿ. 0.00300 ಎಂದರೆ ನೂರಕ್ಕೆ 0.3ರಷ್ಟು ಕಪ್ಪು. ಆದರೆ ಒಂದೇ ಸಾಲಿನ ಅರ್ಪಣೆಯ ಪುಟಕ್ಕೂ ಇಷ್ಟೇ ಬರಬಹುದು. ಹಿಂಬದಿಯ ಅಕ್ಷರ ಮೂಡಿರುವ, ಧೂಳು ಕೂತಿರುವ ಖಾಲಿ ಪುಟಕ್ಕೆ ಇದಕ್ಕಿಂತ ಹೆಚ್ಚು ಬರಬಹುದು. ಬಣ್ಣದ ಸ್ಕ್ಯಾನ್‌ನಲ್ಲಂತೂ ಹಳದಿ ಕಾಗದವೇ ಶಾಯಿಯಾಗಿ ಎಣಿಕೆಯಾಗುತ್ತದೆ. ಯಾವ ಮಿತಿ ಇಟ್ಟರೂ ಅರ್ಪಣೆ ಹೋಗುತ್ತದೆ, ಇಲ್ಲವೆ ಖಾಲಿ ಉಳಿಯುತ್ತದೆ.

ಇನ್ನೊಂದು ಮಾತು. ಅಚ್ಚಿನಲ್ಲಿ ಖಾಲಿ ಪುಟಕ್ಕೂ ಸಂಖ್ಯೆಯ ಲೆಕ್ಕವಿದೆ. ಅಧ್ಯಾಯ 17ನೇ ಪುಟದಲ್ಲಿ ಶುರುವಾಗಲೆಂದೇ 16ನ್ನು ಖಾಲಿ ಬಿಟ್ಟಿರುತ್ತಾರೆ. ಅದನ್ನು ತೆಗೆದರೆ, ಜೋಡಿಯಾಗಿ ತೆರೆದಾಗ ಬಲಗಡೆ ಇರಬೇಕಾದ ಬೆಸ ಪುಟಗಳೆಲ್ಲ ಎಡಕ್ಕೆ ಬರುತ್ತವೆ, ಮುಂದಿನ ಪರಿವಿಡಿಯ ಲೆಕ್ಕವೂ ಒಂದು ಹೆಜ್ಜೆ ತಪ್ಪುತ್ತದೆ. ಅಂಕಿ ಕಡಿಮೆ ಬಂದ ಪುಟಗಳನ್ನು ಪಟ್ಟಿ ಮಾಡಿ ಕಣ್ಣಾಡಿಸಿ. ಕೊನೆಯ ರಕ್ಷಾಪುಟದ ಹಿಂದುಮುಂದಿನವನ್ನು ಬೇಕಾದರೆ ತೆಗೆಯಿರಿ, ನಡುವಿನವನ್ನು ಇರಗೊಡಿ.