ಗುಲಾಬಿ ಎಂದರೆ ನಿರಪರಾಧಿಯಲ್ಲ

ಮೆಕಾಂಕಿ ಅಗರ್ ತಟ್ಟೆಯಲ್ಲಿ ಗುಲಾಬಿ ಬಂದರೆ ಕರುಳಿನ ಸಾಮಾನ್ಯ ಇ. ಕೋಲಿ, ಬಣ್ಣವಿಲ್ಲದಿದ್ದರೆ ರೋಗಾಣು ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟಿದೆ. ಇದನ್ನು ನಂಬಿದರೆ ಎರಡೂ ಕಡೆ ಎಡವುತ್ತೇವೆ.

ತಟ್ಟೆ ಮಾಡುವುದು ಎರಡೇ ಕೆಲಸ. ಪಿತ್ತಲವಣ, ಕ್ರಿಸ್ಟಲ್ ವಯಲೆಟ್ ಸೇರಿ ಹೆಚ್ಚಿನ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಹೊರಪೊರೆಯ ರಕ್ಷಣೆಯಿರುವ ಕರುಳಿನ ಗ್ರಾಂ-ನೆಗೆಟಿವ್‌ಗಳು ಬೆಳೆಯುತ್ತವೆ. ಅವುಗಳಲ್ಲಿ ಲ್ಯಾಕ್ಟೋಸ್ ಹುದುಗಿಸುವವು ಆಮ್ಲ ಬಿಟ್ಟು, ಪಿಎಚ್ 6.8ಕ್ಕಿಂತ ಇಳಿದಾಗ, ನ್ಯೂಟ್ರಲ್ ರೆಡ್ ಕೆಂಪಾಗುತ್ತದೆ. ಹುದುಗಿಸದವು ಪೆಪ್ಟೋನ್ ತಿಂದು ಬಣ್ಣವಿಲ್ಲದೆ ಉಳಿಯುತ್ತವೆ. ತಟ್ಟೆ ಹೇಳುವುದು ಸಕ್ಕರೆಯ ಸಂಗತಿ, ರೋಗದ್ದಲ್ಲ.

ರಕ್ತಭೇದಿಯ ರೋಗಿಯೊಬ್ಬರ ಮಲವನ್ನು ಗೀಟೆಳೆದು 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟೆವೆನ್ನಿ. ಬೆಳಗ್ಗೆ ತಟ್ಟೆ ತುಂಬ ಗುಲಾಬಿ. ಲೇಖನದ ಸೂತ್ರದಂತೆ ಚಿಂತೆಯಿಲ್ಲ. ಆದರೆ ಮೂತ್ರಪಿಂಡವನ್ನೇ ಕೆಡಿಸಬಲ್ಲ ಇ. ಕೋಲಿ ಒ157 ಕೂಡ ಲ್ಯಾಕ್ಟೋಸ್ ಹುದುಗಿಸಿ ಅದೇ ಗುಲಾಬಿ ಕೊಡುತ್ತದೆ! ಲ್ಯಾಕ್ಟೋಸ್ ಬದಲು ಸಾರ್ಬಿಟಾಲ್ ಹಾಕಿದ ತಟ್ಟೆಯಲ್ಲಿ ಮಾತ್ರ ಅದು ಸಾಮಾನ್ಯವಾಗಿ ಬಣ್ಣಗೆಟ್ಟು ಸಿಕ್ಕಿಬೀಳುತ್ತದೆ. ಅಂಟಂಟಾದ ಗುಲಾಬಿ ಕ್ಲೆಬ್ಸಿಯೆಲ್ಲಾ ಇರಬಹುದು, ಅದು ಇ. ಕೋಲಿಯೇ ಅಲ್ಲ.

ಬಣ್ಣವಿಲ್ಲದವುಗಳಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ ಇರಬಹುದು. ಮಲದಲ್ಲಿ ಸುಮ್ಮನಿರುವ ಪ್ರೋಟಿಯಸ್ಸೂ ಇರಬಹುದು. ಶಿಗೆಲ್ಲಾ ಸೊನ್ನೈ ಅಂತೂ ಲ್ಯಾಕ್ಟೋಸನ್ನು ತಡವಾಗಿ ಹುದುಗಿಸುತ್ತದೆ: ಮೊದಲ ದಿನ ಬಿಳಚಿದ ಕಾಲೊನಿ ಮರುದಿನ ಗುಲಾಬಿಗೆ ತಿರುಗಬಹುದು. ಹಾಗಾಗಿ ಮೊದಲ ಬೆಳಗ್ಗೆಯೇ ಒಂಟಿ ಕಾಲೊನಿ ಆರಿಸಿ ಜೀವರಾಸಾಯನಿಕ ಪರೀಕ್ಷೆಗೂ ಸೀರಮ್ ಪರೀಕ್ಷೆಗೂ ಕಳಿಸಬೇಕು.