ವಿಡಿಯೋ ಅಂದ್ರೆ ಯುಡಿಪಿ ಅಂತ ಬರೆಯೋದು ಬಿಡೋಣ

ಕಳೆದ ರಜೆಯಲ್ಲಿ ನಮ್ಮ ಗುಂಪಿನ ಒಬ್ಬ ಊರಿಗೆ ಹೋಗಿದ್ದ. ಊರು ರೋಣದ ಕಡೆಯ ಅಸೂಟಿ. ಅವನ ಮನೆಯೊಳಗೆ ಸಿಗ್ನಲ್ ಒಂದೇ ಕಡ್ಡಿ. ಆ ಒಂದು ಕಡ್ಡಿಯಲ್ಲೇ ಯೂಟ್ಯೂಬಿನಲ್ಲಿ ಅರ್ಧ ಗಂಟೆಯ ಎನ್‌ಪಿಟಿಇಎಲ್ ಪಾಠವನ್ನು ಒಮ್ಮೆಯೂ ನಿಲ್ಲದೆ ನೋಡಿದ. ರಾತ್ರಿ ಪ್ರಾಜೆಕ್ಟ್ ಬಗ್ಗೆ ಮಾತಾಡೋಕೆ ವಿಡಿಯೋ ಕಾಲ್ ಮಾಡಿದರೆ ಮಾತು ತುಂಡು ತುಂಡು, ಮುಖ ಚೌಕ ಚೌಕ. "ಎರಡೂ ವಿಡಿಯೋನ, ಎರಡೂ ಯುಡಿಪಿನ ಅಲ್ಲೇನ್ರಪಾ? ಮತ್ತ ಒಂದು ಓಡತೈತಿ, ಇನ್ನೊಂದು ಯಾಕ ಓಡೂದಿಲ್ಲ?" ಅಂತ ಕೇಳಿದ.

ಅವನ ಪ್ರಶ್ನೆ ಸರಿ ಇತ್ತು. ತಪ್ಪಿದ್ದದ್ದು ನಾವೆಲ್ಲ ಬಾಯಿಪಾಠ ಮಾಡಿದ ಆ ಎರಡು ಕಾಲಮ್ಮಿನ ಕೋಷ್ಟಕದಲ್ಲಿ: ಫೈಲ್ ಡೌನ್‌ಲೋಡ್‌ಗೆ ಟಿಸಿಪಿ, ವಿಡಿಯೋ ಸ್ಟ್ರೀಮಿಂಗ್‌ಗೆ ಯುಡಿಪಿ. ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕ್ಸ್ ಬೀಳುತ್ತೆ, ನಿಜ. ಆದರೆ ಅಸೂಟಿಯ ಆ ಫೋನಿನಲ್ಲಿ ನಡೆದದ್ದನ್ನು ಅದು ವಿವರಿಸುವುದಿಲ್ಲ.

ಪಾಠದ ವಿಡಿಯೋ ಮೊದಲೇ ರೆಕಾರ್ಡ್ ಆಗಿರುವಂಥದ್ದು. ಪ್ಲೇಯರ್ ಅದನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಎಚ್‌ಟಿಟಿಪಿ ಮೂಲಕ ತರಿಸಿಕೊಳ್ಳುತ್ತೆ. ಅಂದರೆ ಅದು ಒಂದರ ಹಿಂದೊಂದು ನಡೆಯುವ ಚಿಕ್ಕ ಚಿಕ್ಕ ಫೈಲ್ ಡೌನ್‌ಲೋಡ್. ನಾವು ನೋಡುತ್ತಿರುವ ಜಾಗಕ್ಕಿಂತ ಇಪ್ಪತ್ತು ಸೆಕೆಂಡು ಮುಂದಿನವರೆಗೆ ತುಂಡುಗಳು ಬಂದು ಕೂತಿವೆ ಅಂದುಕೊಳ್ಳಿ. ಈಗ ಒಂದು ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಯಿತು. ಸೀಕ್ವೆನ್ಸ್ ನಂಬರಿನಲ್ಲಿ ಖಾಲಿ ಜಾಗ ಕಂಡ ಫೋನು ಹಳೆಯ ಎಸಿಕೆಯನ್ನೇ ಮತ್ತೆ ಮತ್ತೆ ಕಳಿಸುತ್ತೆ. ಅಂಥ ಮೂರು ನಕಲು ಎಸಿಕೆ ಮುಟ್ಟಿದೊಡನೆ ಸರ್ವರ್ ಆ ಪ್ಯಾಕೆಟನ್ನು ಮತ್ತೆ ಕಳಿಸುತ್ತೆ. ಹೋಗಿ ಬರುವ ಸಮಯ 120 ಮಿಲಿಸೆಕೆಂಡ್ ಇದ್ದರೆ, ತಡ ಆಗೋದು ಸುಮಾರು ಅಷ್ಟೇ. ಇಪ್ಪತ್ತು ಸೆಕೆಂಡಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಕಾಲ್‌ನಲ್ಲಿ ಆ ಇಪ್ಪತ್ತು ಸೆಕೆಂಡು ಸಿಗೋದಿಲ್ಲ. ಧ್ವನಿಯ ಪ್ಯಾಕೆಟ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಹೊರಡುತ್ತೆ. ಮಾತುಕತೆ ಸಹಜವಾಗಿರಬೇಕಾದರೆ ಒಂದು ಕಡೆಯ ತಡ 150 ಮಿಲಿಸೆಕೆಂಡಿನೊಳಗೆ ಇರಲಿ ಅನ್ನುವುದು ಐಟಿಯು ಶಿಫಾರಸು. ಇಲ್ಲಿ ಟಿಸಿಪಿ ಬಳಸಿದರೆ, ಕಳೆದ ಒಂದು ಪ್ಯಾಕೆಟ್ ಮತ್ತೆ ಬರುವವರೆಗೆ ಅದರ ಹಿಂದೆ ಸರಿಯಾಗಿಯೇ ಬಂದ ಆರೇಳು ಪ್ಯಾಕೆಟ್ಟುಗಳೂ ಕಾಯುತ್ತಾ ನಿಲ್ಲಬೇಕು, ಯಾಕೆಂದರೆ ಟಿಸಿಪಿ ಕ್ರಮ ತಪ್ಪಿಸಿ ಏನನ್ನೂ ಆಪ್‌ಗೆ ಕೊಡುವುದಿಲ್ಲ. ಸಿಗ್ನಲ್ ಪೂರ್ತಿ ಹೋದರೆ ಇನ್ನೂ ಕಷ್ಟ, ಮರುಪ್ರಯತ್ನದ ಟೈಮರ್ ಪ್ರತಿ ಸಲ ಇಮ್ಮಡಿಯಾಗುತ್ತೆ. ಆದ್ದರಿಂದ ಕಾಲ್ ಆಪ್‌ಗಳು ಯುಡಿಪಿ ಹಿಡಿಯುತ್ತವೆ. ಹೋದ 20 ಮಿಲಿಸೆಕೆಂಡ್ ಹೋಯಿತು, ಅಕ್ಕಪಕ್ಕದ ಧ್ವನಿಯಿಂದ ಆ ಜಾಗ ತುಂಬಿ ಮುಂದಕ್ಕೆ ಸಾಗುತ್ತವೆ. ಒಂದೆರಡು ಹೋದರೆ ಕಿವಿಗೆ ಗೊತ್ತಾಗಲ್ಲ. ಸಾಲಾಗಿ ಹೋದರೆ ನಮ್ಮ ಗೆಳೆಯನ ಮಾತಿನಂತೆ ತುಂಡಾಗುತ್ತೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ಇದು ವಿಡಿಯೋನೋ, ಫೈಲೋ?" ಅಲ್ಲ. "ತಡವಾಗಿ ಬಂದರೆ ಇದು ಉಪಯೋಗಕ್ಕೆ ಬರುತ್ತಾ?" ಅನ್ನೋದು. ಜಿಪ್ ಫೈಲಿನ ಬೈಟ್ ಹತ್ತು ನಿಮಿಷ ತಡವಾದರೂ ಬೇಕೇ ಬೇಕು. ಕಾಲ್‌ನ ಮಾತು ಅರ್ಧ ಸೆಕೆಂಡ್ ತಡವಾದರೆ ಕಸ. ಪಾಠದ ವಿಡಿಯೋ ಈ ವಿಷಯದಲ್ಲಿ ಕಾಲ್‌ಗಿಂತ ಜಿಪ್ ಫೈಲಿಗೇ ಹತ್ತಿರ. ಲೈವ್ ಕ್ರಿಕೆಟ್ಟೂ ಫೋನಿಗೆ ಬಹುತೇಕ ಇದೇ ತುಂಡುಗಳ ದಾರಿಯಲ್ಲಿ ಬರುತ್ತೆ. ಪಕ್ಕದ ಮನೆಯ ಟಿವಿಯಲ್ಲಿ ಸಿಕ್ಸರ್ ಕೂಗು ಕೇಳಿಸಿದಾಗ ನಮ್ಮ ಫೋನಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವುದಕ್ಕೆ ಇದೊಂದು ಕಾರಣ.

"ಆದ್ರೆ ವೈರ್‌ಶಾರ್ಕ್‌ನಲ್ಲಿ ನೋಡಿದ್ರೆ ಯೂಟ್ಯೂಬ್ ಯುಡಿಪಿನೇ ತೋರಿಸುತ್ತಲ್ಲ?" ಅಂತ ನೀವು ಕೇಳಬಹುದು. ಹೌದು, ತೋರಿಸುತ್ತೆ. ಅದು ಕ್ವಿಕ್, 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಬಂದದ್ದು. ಯುಡಿಪಿ ಅದಕ್ಕೆ ಬರೀ ಗಾಡಿ. ಎಸಿಕೆ, ಮರುಕಳಿಸುವಿಕೆ, ದಟ್ಟಣೆ ನಿಯಂತ್ರಣ ಎಲ್ಲವನ್ನೂ ಕ್ವಿಕ್ ತಾನೇ ಮಾಡಿಕೊಳ್ಳುತ್ತೆ. ಫೈಲ್ ಡೌನ್‌ಲೋಡ್ ಕೂಡ ಅದರ ಮೇಲೆ ಒಂದು ಬೈಟೂ ತಪ್ಪದೆ ಬರುತ್ತೆ. ಕೋಷ್ಟಕದ ಇನ್ನೊಂದು ಸಾಲೂ ಅಲ್ಲಿಗೆ ಅಲುಗಾಡಿತು.

ಇದನ್ನು ಹಾಸ್ಟೆಲ್ಲಿನಲ್ಲೇ ನೋಡಬಹುದು. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ Stats for nerds ತೆರೆದರೆ, Buffer Health ಅನ್ನುವಲ್ಲಿ ಎಷ್ಟು ಸೆಕೆಂಡು ಕೂಡಿಟ್ಟಿದೆ ಅಂತ ಕಾಣುತ್ತೆ. ಕ್ರೋಮ್‌ನ ಡೆವ್‌ಟೂಲ್ಸಿನಲ್ಲಿ Network ತೆರೆದು Protocol ಕಾಲಮ್ ಹಾಕಿಕೊಳ್ಳಿ: h3 ಅಂದರೆ ಕ್ವಿಕ್, h2 ಅಂದರೆ ಟಿಸಿಪಿ. ವೈರ್‌ಶಾರ್ಕ್‌ಗೆ ಈ ಫಿಲ್ಟರ್ ಸಾಕು:

```
udp.port == 443
```

ಕೆಲವು ನೆಟ್‌ವರ್ಕ್‌ಗಳಲ್ಲಿ ಈ ಪೋರ್ಟಿನ ಯುಡಿಪಿಯನ್ನು ತಡೆದಿರುತ್ತಾರೆ. ಆಗ ಬ್ರೌಸರ್ ಸದ್ದಿಲ್ಲದೆ ಟಿಸಿಪಿಗೆ ಇಳಿಯುತ್ತೆ, ಅದೇ ವಿಡಿಯೋ ಅದೇ ಥರ ಓಡುತ್ತೆ.

ನಮ್ಮ ಕೋರಿಕೆ ಇಷ್ಟೇ. ಲ್ಯಾಬಿನಲ್ಲಿ ಆ ಕೋಷ್ಟಕ ಬರೆಸುವ ಬದಲು ಒಂದು ಪಾಠದ ವಿಡಿಯೋ, ಒಂದು ಕಾಲ್, ಎರಡನ್ನೂ ಸೆರೆಹಿಡಿದು ವ್ಯತ್ಯಾಸ ಬರೆಯೋಕೆ ಹೇಳಲಿ. ಅಸೂಟಿಯ ಗೆಳೆಯನಿಗೆ ನಾವು ಕೊಟ್ಟ ಉತ್ತರವೂ ಚಿಕ್ಕದೇ: "ಪಾಠಕ್ಕೆ ಕಾಯೋಕೆ ಟೈಮ್ ಇತ್ತು, ನಿನ್ನ ಮಾತಿಗೆ ಇರಲಿಲ್ಲ." ಅದಕ್ಕವನು, "ಹಂಗಾದ್ರ ಇನ್ಮ್ಯಾಲೆ ವಾಯ್ಸ್ ಮೆಸೇಜ್ ಕಳಸ್ತೀನಿ ತಗೋರಿ" ಅಂದ. ಫೈಲಾಗಿ ಹೋದದ್ದರಿಂದ ಒಂದಕ್ಷರ ತಪ್ಪದೆ ಬಂತು.