ಅಡಿಬರಹ ಒಂಟಿಯಾಗಿಯೂ ನಿಲ್ಲಬೇಕು

2024ರ ಜುಲೈ 30ರ ನಸುಕಿನಲ್ಲಿ ವಯನಾಡು ಜಿಲ್ಲೆಯ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಬಳಿಕ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಎರಡು ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಿತು. ಅವು ವರದಿಯ ಪುಟಗಳಲ್ಲೇ ಉಳಿಯಲಿಲ್ಲ. ಪತ್ರಿಕೆಗಳಿಗೂ ಮೊಬೈಲುಗಳಿಗೂ ಹರಡಿದವು. ತಾಂತ್ರಿಕ ವರದಿಯ ಚಿತ್ರಗಳ ಪಾಡೇ ಇದು. ಅವು ವರದಿಯನ್ನು ಬಿಟ್ಟು ಹೊರಡುತ್ತವೆ. ಜೊತೆಗೆ ಹೋಗುವುದು ಅಡಿಬರಹವೊಂದೇ.

ಅಂತಹ ಚಿತ್ರವನ್ನು ತನ್ನ ವರದಿಗೆ ಸೇರಿಸಿಕೊಳ್ಳುವ ವಿದ್ಯಾರ್ಥಿಯು ಸಾಮಾನ್ಯವಾಗಿ ಹೀಗೆ ಬರೆಯುತ್ತಾನೆ: ‘ಚಿತ್ರ 3. ಭೂಕುಸಿತದ ಮೊದಲು ಮತ್ತು ನಂತರ.’ ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಓದುಗನು ದಾರಿ ತಪ್ಪುತ್ತಾನೆ. ‘ಮೊದಲು’ ಎಂಬ ಚಿತ್ರ ಹಿಂದಿನ ದಿನದ್ದಲ್ಲ; ಅದು 2023ರ ಮೇ 22ರಂದು ಕಾರ್ಟೊಸ್ಯಾಟ್-3 ತೆಗೆದ ಚಿತ್ರ. ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಆದುದರಿಂದ ಎರಡು ಚಿತ್ರಗಳ ನಡುವೆ ಕಾಣುವ ಪ್ರತಿಯೊಂದು ವ್ಯತ್ಯಾಸವನ್ನೂ ಒಂದೇ ರಾತ್ರಿಯ ಲೆಕ್ಕಕ್ಕೆ ಸೇರಿಸಲಾಗದು. ‘ನಂತರ’ದ್ದು ಜುಲೈ 31ರಂದು ರಿಸ್ಯಾಟ್ ಉಪಗ್ರಹ ತೆಗೆದ ರೇಡಾರ್ ಚಿತ್ರ. ಮುಂಗಾರಿನ ಮೋಡವನ್ನು ಬೆಳಕು ದಾಟಲಾರದು, ರೇಡಾರ್ ಅಲೆಗಳು ದಾಟುತ್ತವೆ. ಆದ್ದರಿಂದಲೇ ಅದು ಬೇಕಾಯಿತು. ಆದರೆ ರೇಡಾರ್ ಚಿತ್ರದಲ್ಲಿ ಕಪ್ಪು ಎಂದರೆ ನಿಂತ ನೀರಿರಬಹುದು, ಕಡಿದಾದ ಗುಡ್ಡದ ಮರೆಯಲ್ಲಿ ಅಲೆ ತಲುಪದ ಜಾಗವೂ ಇರಬಹುದು. ಇದನ್ನು ತಿಳಿಸದಿದ್ದರೆ ಓದುಗನು ಹಸಿರೆಲ್ಲ ಒಂದೇ ದಿನದಲ್ಲಿ ಸುಟ್ಟುಹೋಯಿತೆಂದು ಎಣಿಸಬಹುದು.

ಅಡಿಬರಹವು ಹೀಗಿದ್ದರೆ ಸಾಕು: ‘ಚಿತ್ರ 3. ವಯನಾಡು ಜಿಲ್ಲೆಯ ಚೂರಲ್‌ಮಲ ಪ್ರದೇಶ, 2024ರ ಜುಲೈ 30ರ ಭೂಕುಸಿತಕ್ಕೆ ಮೊದಲು ಮತ್ತು ನಂತರ. ಎಡ: 2023ರ ಮೇ 22, ಕಾರ್ಟೊಸ್ಯಾಟ್-3, ಬೆಳಕಿನಿಂದ ತೆಗೆದ ಚಿತ್ರ. ಬಲ: 2024ರ ಜುಲೈ 31, ರಿಸ್ಯಾಟ್, ರೇಡಾರ್ ಚಿತ್ರ. ಎರಡರ ಬಣ್ಣಗಳನ್ನು ಹೋಲಿಸಬಾರದು.’ ಉದ್ದವಾಯಿತೆಂಬ ಆಕ್ಷೇಪ ಬರುತ್ತದೆ. ಉದ್ದವಾದರೆ ಆಗಲಿ; ಪುಟದ ಅಂದಕ್ಕಾಗಿ ದಿನಾಂಕವನ್ನು ಬಿಡುವುದು ಸಲ್ಲದು.

ಅದೇ ಕೇಂದ್ರವು ಕುಸಿತದ ಮುಖ್ಯ ಕಡಿದಾಳದ, ಅಂದರೆ ಮೇಲ್ತುದಿಯಲ್ಲಿ ಗುಡ್ಡ ಕಡಿದುಬಿದ್ದ ಭಾಗದ, ವಿಸ್ತೀರ್ಣವನ್ನು 86,000 ಚದರ ಮೀಟರ್ ಎಂದು ತಿಳಿಸಿತ್ತು. ಕೆಸರು ಬಂಡೆಗಳು ಹರಿದ ದಾರಿ ಸುಮಾರು 8 ಕಿಲೋಮೀಟರ್. ‘ವಿಸ್ತೀರ್ಣ 86,000 ಚ.ಮೀ.’ ಎಂದಷ್ಟೇ ಬರೆದರೆ ಓದುಗನು ಅದನ್ನು ಹಾನಿಗೊಳಗಾದ ಒಟ್ಟು ನೆಲವೆಂದು ತಿಳಿಯುವನು. ಯಾವುದರ ವಿಸ್ತೀರ್ಣ ಎಂಬುದು ಅಂಕಿಯ ಪಕ್ಕದಲ್ಲೇ ಇರಬೇಕು.

ಕೋಷ್ಟಕದ ತಲೆಬರಹ ಇನ್ನೂ ಸೂಕ್ಷ್ಮ. ಆ ದಿನಗಳಲ್ಲಿ ಮೊದಲ 24 ಗಂಟೆಗಳಲ್ಲಿ 200, ಮುಂದಿನ 24 ಗಂಟೆಗಳಲ್ಲಿ 372, ಒಟ್ಟು 572 ಮಿಲಿಮೀಟರ್ ಮಳೆಯಾಯಿತೆಂದು ಕೇರಳದ ಮುಖ್ಯಮಂತ್ರಿ ಹೇಳಿದ್ದರು. ಕೋಷ್ಟಕದಲ್ಲಿ ಇವನ್ನು ‘ದಿನ’ ಎಂಬ ಕಂಬದ ಕೆಳಗೆ ಇಟ್ಟಕೂಡಲೇ ತೊಡಕು ಶುರುವಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಬೆಳಗಿನ 8:30ಕ್ಕೆ ಮುಗಿಯುತ್ತದೆ. ಅಳೆದ ದಿನದ ತಾರೀಖೇ ಮಳೆಯ ತಾರೀಖು. ಜುಲೈ 30ರ ಮಳೆ ಎಂದರೆ 29ರ ಬೆಳಗಿನ 8:30ರಿಂದ 30ರ ಬೆಳಗಿನ 8:30ರವರೆಗೆ ಬಿದ್ದದ್ದು. ಗುಡ್ಡ ಕುಸಿದದ್ದು ಆ ಅವಧಿ ಮುಗಿಯುವ ಮೊದಲೇ, ನಸುಕಿನಲ್ಲಿ. ಆದುದರಿಂದ ಆ ಅಂಕಿಯಲ್ಲಿ ಕುಸಿತದ ನಂತರ ಬಿದ್ದ ಮಳೆಯೂ ಸೇರಿರುತ್ತದೆ. ಇಂತಿಷ್ಟು ಮಳೆಯಿಂದ ಗುಡ್ಡ ಜಾರಿತು ಎಂದು ಬರೆಯುವವನು ಇಲ್ಲಿಯೇ ಎಡವುತ್ತಾನೆ.

ಕನ್ನಡದ ರೂಢಿಯೂ ಇದಕ್ಕೆ ಕೈಜೋಡಿಸುತ್ತದೆ. ಮಾತಿನಲ್ಲಿ ‘29ರ ರಾತ್ರಿ ಎರಡು ಗಂಟೆ’ ಎಂದರೆ ಗಡಿಯಾರಕ್ಕೆ 30ನೆಯ ತಾರೀಖು. ತಲೆಬರಹದಲ್ಲಿ ರಾತ್ರಿ, ನಸುಕು ಎಂಬ ಪದಗಳಿಗೆ ಜಾಗವಿಲ್ಲ. ‘ಕೋಷ್ಟಕ 2. ದಿನದ ಮಳೆ, ಮಿಲಿಮೀಟರುಗಳಲ್ಲಿ. ನಮೂದಿಸಿದ ತಾರೀಖಿನ ಬೆಳಗಿನ 8:30ಕ್ಕೆ ಮುಗಿದ 24 ಗಂಟೆಗಳದು’ ಎಂದು ಬರೆದು ಮಳೆಮಾಪನ ಕೇಂದ್ರದ ಹೆಸರನ್ನು ಸೇರಿಸಬೇಕು. ಹಲವು ಕೇಂದ್ರಗಳ ಸರಾಸರಿಯಾದರೆ ಅದನ್ನೂ ಹೇಳಬೇಕು.

ಇನ್ನೊಂದು ತೊಡಕು ವಾಕ್ಯರಚನೆಯದು. ಕನ್ನಡದಲ್ಲಿ ವಿಶೇಷಣಗಳೆಲ್ಲ ನಾಮಪದದ ಮುಂದೆ ಸಾಲುಗಟ್ಟುತ್ತವೆ: ‘2024ರ ಜುಲೈ 31ರಂದು ರಿಸ್ಯಾಟ್ ಉಪಗ್ರಹದಿಂದ ಪಡೆದ ರೇಡಾರ್ ದತ್ತಾಂಶವನ್ನು ಬಳಸಿ ಸಿದ್ಧಪಡಿಸಿದ ಚೂರಲ್‌ಮಲದ ನಕ್ಷೆ.’ ಚಿತ್ರವೋ ನಕ್ಷೆಯೋ ಎಂದು ತಿಳಿಯಲು ಕೊನೆಯವರೆಗೆ ಕಾಯಬೇಕು. ವಸ್ತುವನ್ನು ಮೊದಲು ಹೆಸರಿಸಿ ನಿಲ್ಲಿಸುವುದು, ಉಳಿದದ್ದನ್ನು ಚಿಕ್ಕ ವಾಕ್ಯಗಳಿಗೆ ಹಂಚುವುದು ಮೇಲು. ‘ಮೇಲಿನ’, ‘ಇದೇ’, ‘ಸದರಿ’ ಎಂಬವುಗಳನ್ನು ತೆಗೆದುಹಾಕಬೇಕು; ಪುಟ ಹರಿದ ಮೇಲೆ ಮೇಲಿನದು ಎಲ್ಲಿದೆ?

ಆದರೆ ಅಡಿಬರಹವು ವರದಿಯಾಗಬಾರದು. ಗುಡ್ಡ ಏಕೆ ಕುಸಿಯಿತು ಎಂಬ ವಾದಕ್ಕೆ ಸ್ಥಳ ಒಳಗಿನ ಬರಹ. ಪರೀಕ್ಷೆ ಸುಲಭ: ಚಿತ್ರವನ್ನು ಅಡಿಬರಹದೊಡನೆ ಕತ್ತರಿಸಿ, ವರದಿಯನ್ನು ಓದದ ಗೆಳೆಯನಿಗೆ ಕೊಡಬೇಕು. ಏನು, ಎಲ್ಲಿ, ಯಾವಾಗ, ಯಾವುದರಿಂದ ಅಳೆದದ್ದು ಎಂಬುದಕ್ಕೆ ಅವನು ಕೇಳದೆಯೇ ಉತ್ತರ ಹೇಳಿದರೆ ಬರೆದದ್ದು ಸರಿ. ಒಂದಕ್ಕೆ ತಡವರಿಸಿದರೆ ತಿದ್ದಬೇಕಾದ ಪದ ಯಾವುದೆಂದು ಅಲ್ಲಿಯೇ ತಿಳಿಯುತ್ತದೆ.